ಓದಿದವರ ಪಟ್ಟಿ

ವಾಟ್ಸ್‌ಆ್ಯಪ್‌ಗೆ 2014ರ ನವೆಂಬರಿನಲ್ಲಿ ನೀಲಿ ಟಿಕ್ ಬಂದಾಗ ಎದ್ದ ಗದ್ದಲ ಎಲ್ಲರಿಗೂ ಗೊತ್ತಿರುವುದೇ. ಬೈಗುಳವೆಲ್ಲ ಆ ಎರಡು ಗೆರೆಗಳ ಪಾಲಾಯಿತು. ಗ್ರೂಪಿಗೆ ನಾವು ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು Info ಆರಿಸಿದರೆ ತೆರೆದುಕೊಳ್ಳುವ ಪರದೆ ಮಾತ್ರ ಹೆಚ್ಚಿನವರ ಆಕ್ಷೇಪಕ್ಕೆ ಸಿಗದೆ ಒಳ್ಳೆಯ ಹೆಸರು ಉಳಿಸಿಕೊಂಡಿತು. ಮೆಸೇಜು ಯಾರಿಗೆ ತಲುಪಿತು, ಯಾರು ಓದಿದರು, ದನಿಯದಾದರೆ ಯಾರು ಹಾಕಿ ಕೇಳಿದರು ಎಂಬುದನ್ನು ಅದು ಹೆಸರು, ಗಂಟೆ, ನಿಮಿಷಗಳ ಸಮೇತ ಹೇಳುತ್ತದೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಶಾಲೆಯ ಟೀಚರು, ಕಚೇರಿಯ ಮೇಲಧಿಕಾರಿ ಇವರಿಗೆಲ್ಲ ಅದು ಹಾಜರಿ ಪುಸ್ತಕ. "ನೀವು ಓದಿದ್ದೀರಿ ಅಂತ ಇಲ್ಲೇ ತೋರಿಸ್ತಿದೆಯಲ್ಲ" ಎಂಬ ಮಾತಿನ ಮುಂದೆ ಎದುರುತ್ತರ ನಿಲ್ಲುವುದಿಲ್ಲ. ಇಷ್ಟು ನಂಬಿಕೆಗೆ ಆ ಪರದೆ ಯೋಗ್ಯವಲ್ಲ ಎಂಬುದು ನನ್ನ ವಾದ. ಅದರಲ್ಲಿ ಜನ ಹೆಚ್ಚು ನೆಚ್ಚಿಕೊಂಡಿರುವ ಪಟ್ಟಿಯೇ ಹೆಚ್ಚು ಟೊಳ್ಳಾದುದು. ಲೆಕ್ಕಕ್ಕೆ ಹಿಡಿಯದ ಇನ್ನೊಂದು ಪಟ್ಟಿ ಬಹುಮಟ್ಟಿಗೆ ನಿಜ ಹೇಳುತ್ತದೆ.

ಗ್ರೂಪಿನಲ್ಲಿ ಈ ಪರದೆ ಬೇಕಾಗುವುದಕ್ಕೆ ಸರಳ ಕಾರಣವಿದೆ. ಇಬ್ಬರ ಮಾತುಕತೆಯಲ್ಲಿ ಟಿಕ್ಕೇ ಸಾಕು. ಗ್ರೂಪಿನಲ್ಲಾದರೆ ಎರಡನೆಯ ಟಿಕ್ ಬೀಳುವುದು ಪ್ರತಿಯೊಬ್ಬ ಸದಸ್ಯನಿಗೂ ಮೆಸೇಜು ಮುಟ್ಟಿದ ಮೇಲೆ, ನೀಲಿಯಾಗುವುದು ಪ್ರತಿಯೊಬ್ಬನೂ ಅದನ್ನು ತೆರೆದ ಮೇಲೆ. ಒಬ್ಬನ ಫೋನು ಕೆಟ್ಟು ಮೂಲೆ ಸೇರಿದ್ದರೆ ಉಳಿದವರೆಲ್ಲ ನೋಡಿ ಮುಗಿಸಿದ್ದರೂ ಒಂಟಿ ಟಿಕ್ ದಿನಗಟ್ಟಲೆ ಹಾಗೆಯೇ ನಿಂತಿರುತ್ತದೆ. ಸದಸ್ಯರ ಮಿತಿ 256ರಿಂದ 1,024ಕ್ಕೆ ಏರಿರುವಾಗ ದೊಡ್ಡ ಗ್ರೂಪಿನಲ್ಲಿ ನೀಲಿ ಟಿಕ್ ಕಾಣುವುದೇ ಅಪರೂಪ. ಹೀಗಾಗಿ ವಿವರ ಬೇಕಾದವನು ಒಳಗಿನ ಪರದೆಗೇ ಹೋಗಬೇಕು. ಅದು ಕಳಿಸಿದವನಿಗೆ ಮಾತ್ರ ತೆರೆಯುತ್ತದೆ. ಪಟ್ಟಿಯಲ್ಲಿ ಹೆಸರು ಬಿದ್ದವನಿಗೆ ತನ್ನ ಬಗ್ಗೆ ಏನು ಬರೆದಿದೆಯೆಂದು ನೋಡುವ ದಾರಿಯಿಲ್ಲ, ತಪ್ಪಿದ್ದರೆ ತಿದ್ದಿಸುವ ಮಾತಂತೂ ದೂರವೇ ಉಳಿಯಿತು.

ಒಂದು ಸಂದರ್ಭ ಇಟ್ಟುಕೊಂಡು ನೋಡೋಣ. ಶಾಲೆಯ ಪೋಷಕರ ಗ್ರೂಪು, ಟೀಚರನ್ನು ಬಿಟ್ಟರೆ 46 ಮಂದಿ. ನಾಳೆ ಬಸ್ಸು 7.40ಕ್ಕಲ್ಲ, 7.20ಕ್ಕೇ ಬರುತ್ತದೆ ಎಂಬುದನ್ನು ಟೀಚರು ರಾತ್ರಿ 9 ಗಂಟೆಗೆ ಎರಡು ನಿಮಿಷದ ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸಿದ್ದಾರೆ. ಹತ್ತೂವರೆಗೆ ಪರದೆ ತೆರೆದರೆ Played by ಅಡಿಯಲ್ಲಿ 17 ಹೆಸರು, Read by ಅಡಿಯಲ್ಲಿ 20, Delivered to ಅಡಿಯಲ್ಲಿ 6 ಹೆಸರು ಮತ್ತು ಇನ್ನೂ 3 ಬಾಕಿ ಎಂಬ ಸಂಖ್ಯೆ ಕಾಣುತ್ತದೆ. ಅವಸರದಲ್ಲಿರುವ ಟೀಚರು 17ಕ್ಕೆ 20 ಸೇರಿಸಿ 37 ಮಂದಿಗೆ ವಿಷಯ ಗೊತ್ತಾಯಿತು ಎಂದುಕೊಳ್ಳುವುದು ಸಹಜ, ಏಕೆಂದರೆ ಪರದೆಯೇ ಆ 20 ಮಂದಿಯನ್ನು ಓದಿದವರೆಂದು ಕರೆದಿದೆ. ದನಿಯನ್ನು ಓದುವುದು ಹೇಗೆ? ಅವರು ಗ್ರೂಪನ್ನು ತೆರೆದಿದ್ದಾರೆ, ಮೈಕಿನ ಗುರುತಿನ ಒಂದು ಉದ್ದ ಪಟ್ಟಿ ಕಣ್ಣೆದುರು ಬಂದಿದೆ, ಅಷ್ಟೇ. ಬಸ್ಸಿನ ಹೊತ್ತು ಬದಲಾದದ್ದು ಆ ಮೆಸೇಜಿನಿಂದ ಅವರಲ್ಲಿ ಒಬ್ಬರಿಗೂ ತಿಳಿದಿಲ್ಲ. ಟೀಚರಿಗೆ ಉಪಯೋಗಕ್ಕೆ ಬರುವ ಸಂಗತಿ ಇದೇ, ಅದನ್ನು ಹೇಳಬೇಕಾದ ಕಡೆಯಲ್ಲಿ ಪರದೆ ಅದಕ್ಕೆ ವಿರುದ್ಧವಾದ ಹೆಸರು ಬರೆದಿದೆ.

ಅದೇ ಸುದ್ದಿಯನ್ನು ಟೈಪ್ ಮಾಡಿ ಕಳಿಸಿದ್ದರೆ ಪಟ್ಟಿ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತಿತ್ತು. ಒಂದೇ ಸಾಲಿನ ಸುದ್ದಿ ನೋಟಿಫಿಕೇಶನ್ನಿನಲ್ಲಿ ಪೂರ್ತಿ ಕಾಣುತ್ತದೆ. ಅದನ್ನು ಅಲ್ಲಿಯೇ ಓದಿಕೊಂಡು, ಅಲಾರಂ ಇಟ್ಟು ಮಲಗಿದ ತಾಯಿಯ ಹೆಸರು Delivered to ಅಡಿಯಲ್ಲಿಯೇ ಉಳಿಯುತ್ತದೆ. ಹಿಂದಿನ ಐವತ್ತು ಮೆಸೇಜುಗಳ ಸಂಖ್ಯೆ ಹೋಗಲೆಂದು ಗ್ರೂಪು ತೆರೆದು ಮುಚ್ಚಿದ ತಂದೆ ಓದಿದವರ ಸಾಲಿಗೆ ಸೇರುತ್ತಾರೆ. ಹಳ್ಳಿಯ ಮನೆಗಳಲ್ಲಿ ಒಂದೇ ಫೋನು ನಾಲ್ಕು ಕೈ ತಿರುಗುವಾಗ ಅಜ್ಜಿಯ ಹೆಸರಿನ ಎದುರು ಬಿದ್ದ ಗಂಟೆ ಮೊಮ್ಮಗ ಆಟವಾಡುತ್ತಿದ್ದ ಗಂಟೆಯಾಗಿರಬಹುದು. ಅಂದರೆ Read by ಪಟ್ಟಿ ಎರಡೂ ಕಡೆಗೆ ಸೋರುತ್ತದೆ: ಒಳಗಿರುವವರು ಓದಿರಲೇಬೇಕೆಂದಿಲ್ಲ, ಹೊರಗಿರುವವರು ಓದಿಲ್ಲವೆಂದೂ ಅಲ್ಲ. Played by ಹಾಗಲ್ಲ. ಒಂದು ಸೆಕೆಂಡು ಹಾಕಿ ನಿಲ್ಲಿಸಿದವರನ್ನೂ ಅದು ಸೇರಿಸಿಕೊಳ್ಳುತ್ತದೆ, ಆದ್ದರಿಂದ ಒಳಗಿರುವವರ ಬಗ್ಗೆ ಅದೂ ಖಾತ್ರಿ ಕೊಡಲಾರದು. ಆದರೆ ಹೊರಗಿರುವವರ ಬಗ್ಗೆ ಅದರ ಮಾತನ್ನು ಬಹುಪಾಲು ನಂಬಬಹುದು. ಹಾಕದೆ ದನಿ ಹೊರಡುವುದಿಲ್ಲ. ಪಕ್ಕದ ಮನೆಯ ಫೋನಿನಲ್ಲಿ ಕೇಳಿಸಿಕೊಂಡಿರಬಹುದು, ಇನ್ನೊಬ್ಬರು ಫಾರ್ವರ್ಡ್ ಮಾಡಿರಬಹುದು. ಇವೆರಡನ್ನು ಬಿಟ್ಟರೆ ಆ ಪಟ್ಟಿಯಲ್ಲಿ ಇಲ್ಲದವರಿಗೆ ಫೋನು ಮಾಡಲೇಬೇಕು ಎಂದು ಟೀಚರು ಧೈರ್ಯವಾಗಿ ತೀರ್ಮಾನಿಸಬಹುದು.

ಈ ವ್ಯತ್ಯಾಸದ ಬೇರು ಕ್ರಿಯಾಪದದಲ್ಲಿದೆ. ದನಿಗೆ ಪದ ಹುಡುಕುವಾಗ ಪರದೆಯನ್ನು ರೂಪಿಸಿದವರು ಎಚ್ಚರ ತಪ್ಪಲಿಲ್ಲ. ಕೇಳಿದರು ಎನ್ನಲಿಲ್ಲ, ಹಾಕಿದರು ಎಂದರು. ಹಾಕುವುದು ಯಂತ್ರದಲ್ಲಿ ನಡೆಯುವ ಕೆಲಸ, ಯಂತ್ರ ಅದಕ್ಕೆ ಸಾಕ್ಷಿ ಹೇಳಬಲ್ಲದು. ಕನ್ನಡದಲ್ಲಿ ಯೋಚಿಸಿದರೆ ಆ ಎಚ್ಚರದ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಮ್ಮ ಕೇಳು ಎಂಬ ಪದದಲ್ಲಿ ಕಿವಿಗೆ ಬೀಳುವುದೂ ಇದೆ, ಮಾತಿಗೆ ಒಪ್ಪಿ ನಡೆಯುವುದೂ ಇದೆ. ಮಾತು ಕೇಳದ ಮಗು ಎಂದರೆ ಕಿವುಡು ಮಗುವಲ್ಲವಷ್ಟೇ. ಅಂಥ ಪದವನ್ನು ಫೋನಿನ ಬಾಯಲ್ಲಿ ಇಡಲಾಗದು. ಅಕ್ಷರದ ಮೆಸೇಜಿಗೆ ಬಂದಾಗ ಅದೇ ಕೈಗಳು ಆ ಎಚ್ಚರವನ್ನು ಬಿಟ್ಟುಕೊಟ್ಟವು. ಯಂತ್ರಕ್ಕೆ ಗೊತ್ತಿರುವುದು ಮಾತುಕತೆ ತೆರೆದದ್ದು, ಅದು ಬರೆದುಕೊಂಡದ್ದು ಓದಿದ್ದು. ತೆರೆದವರು ಎಂಬ ಪದ ಸಿಗದೆ ಹೋದದ್ದಲ್ಲ. ಒಮ್ಮೆ ಮಾತ್ರ ನೋಡಬಹುದಾದ ಫೋಟೊ ಕಳಿಸುವ ಸೌಲಭ್ಯ 2021ರಲ್ಲಿ ಬಂದಾಗ ಕಳಿಸಿದವನಿಗೆ Opened ಎಂದೇ ತೋರಿಸಿದರು. ಸರಿಯಾದ ಪದ ಅದೇ ಆ್ಯಪಿನೊಳಗೆ ಇದೆ. ನಿತ್ಯ ಬಳಕೆಯ ಜಾಗಕ್ಕೆ ಅದನ್ನು ತರಲಿಲ್ಲ ಎಂಬುದೇ ನನ್ನ ದೂರು.

ಒಂದು ಪದಕ್ಕೆ ಇಷ್ಟು ಜಗ್ಗಾಡಬೇಕೇ, ಇದೆಲ್ಲ ಅಂದಾಜೆಂದು ಎಲ್ಲರಿಗೂ ಗೊತ್ತು ಎನ್ನುವವರಿದ್ದಾರೆ. ಎಲ್ಲರಿಗೂ ಗೊತ್ತಿಲ್ಲ. 2018ರ ಜೂನಿನಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರು ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಆಗಿ ಕಳಿಸಿದ ನೋಟಿಸನ್ನು ಜಾರಿಯಾದದ್ದೆಂದು ಒಪ್ಪಿದರು. ಮೆಸೇಜೂ ಅದರ ಜೊತೆಗಿನ ಕಡತವೂ ತಲುಪಿವೆ, ಎರಡನ್ನೂ ತೆರೆಯಲಾಗಿದೆ ಎಂದು ಗುರುತುಗಳು ಸ್ಪಷ್ಟವಾಗಿ ತೋರಿಸುತ್ತವೆ ಎಂಬುದು ಅದಕ್ಕೆ ಕೊಟ್ಟ ಕಾರಣ. ತಪ್ಪಿಸಿಕೊಂಡು ತಿರುಗುವ ಸಾಲಗಾರನ ಎದುರು ಆ ತೀರ್ಪಿನ ಉದ್ದೇಶ ನ್ಯಾಯವಾದದ್ದೇ ಇರಬಹುದು. ಆದರೆ ಕಡತ ತೆರೆದದ್ದಕ್ಕೆ ಆ ಟಿಕ್ಕುಗಳಲ್ಲಿ ಬೇರೆ ಗುರುತೇ ಇಲ್ಲ. ವಾಯ್ಸ್ ಮೆಸೇಜಿಗೆ ಮೂರನೆಯ ಪಟ್ಟಿಯುಂಟು, ಪಿಡಿಎಫ್‌ಗೆ ಇಲ್ಲ. ಕಡತವನ್ನು ಮುಟ್ಟದೆ ಮಾತುಕತೆಯನ್ನಷ್ಟೇ ತೆರೆದರೂ ಟಿಕ್ ನೀಲಿಯಾಗುತ್ತದೆ. ಅನುಭವಿ ನ್ಯಾಯಾಧೀಶರೇ ಟಿಕ್ಕಿನಿಂದ ಅದು ಹೇಳದ ಮಾತನ್ನು ಓದಿಕೊಂಡರೆ ತಪ್ಪು ಓದುಗನದಲ್ಲ, ಹಾಗೆ ಓದಿಸುವ ಗುರುತಿನದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪೊಲೀಸರ ಹಾಜರಾತಿ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು, ಕಾನೂನು ಹೇಳಿದ ಕ್ರಮದಲ್ಲಿಯೇ ಜಾರಿ ಮಾಡಬೇಕು ಎಂದದ್ದು ನನಗೆ ಹೆಚ್ಚು ಸಮಾಧಾನದ ಮಾತು. ಒಬ್ಬನ ಸ್ವಾತಂತ್ರ್ಯ ತೂಗುತ್ತಿರುವ ಕಡೆ ಟಿಕ್ಕನ್ನು ತಕ್ಕಡಿಗೆ ಹಾಕಲಾಗದು.

ನನ್ನ ಮುಖ್ಯ ಜಗಳ ಇರುವುದು ಈ ಪರದೆಯನ್ನು ಖಾಸಗಿತನದ ಹೆಸರಿನಲ್ಲಿ ಮಾತ್ರ ಟೀಕಿಸುವವರ ಜೊತೆ. ಅವರ ಬೇಡಿಕೆ ಒಂದೇ: ಇಬ್ಬರ ಮಾತುಕತೆಯಲ್ಲಿ ಓದಿದ ಗುರುತನ್ನು ಆರಿಸಿಡಬಹುದು, ಗ್ರೂಪಿನಲ್ಲಿಯೂ ದನಿಯ ವಿಷಯದಲ್ಲಿಯೂ ಆ ಸ್ವಿಚ್ಚು ನಡೆಯುವುದಿಲ್ಲ, ಅಲ್ಲಿಗೂ ಅದನ್ನು ವಿಸ್ತರಿಸಿ. ಅವರ ಕಳಕಳಿಯನ್ನು ನಾನು ಅಲ್ಲಗಳೆಯುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮೇಲಧಿಕಾರಿಯ ಆದೇಶ ಕಂಡ ಅಂಗನವಾಡಿ ಕಾರ್ಯಕರ್ತೆಗೆ ಆ ಗಂಟೆ ದಾಖಲಾಗುವುದೇ ಒಂದು ಹೊರೆ. ಆದರೆ ಸ್ವಿಚ್ಚು ಕೊಟ್ಟರೆ ಆಗುವುದೇನು? ಆರಿಸಿಟ್ಟವರೂ ನಿಜವಾಗಿ ತೆರೆಯದವರೂ Delivered to ಎಂಬ ಒಂದೇ ಸಾಲಿನಲ್ಲಿ ಬೆರೆತುಹೋಗುತ್ತಾರೆ, ಪಟ್ಟಿ ಈಗಿನದಕ್ಕಿಂತ ಹೆಚ್ಚು ಸುಳ್ಳಾಗುತ್ತದೆ. ಮೇಲಧಿಕಾರಿಯ ಅನುಮಾನ ಆಗ ಸ್ವಿಚ್ಚು ಒತ್ತಿದವರ ಮೇಲೆಯೇ ತಿರುಗುತ್ತದೆ, ಕೆಳಗಿನವರು ಅದನ್ನು ಒತ್ತುವ ಧೈರ್ಯ ಮಾಡುವುದು ಕಷ್ಟ. ಈ ವಿಮರ್ಶಕರು ಪಟ್ಟಿ ನಿಜ ಹೇಳುತ್ತದೆ ಎಂದು ಮೊದಲೇ ಒಪ್ಪಿಕೊಂಡುಬಿಟ್ಟಿದ್ದಾರೆ, ಆ ನಿಜ ಹೊರಗೆ ಬರಬಾರದು ಎಂಬುದಷ್ಟೇ ಅವರ ತಕರಾರು. ಹಾಗೆ ಒಪ್ಪಿ ಅವರು ಮೇಲಧಿಕಾರಿಯ ಕೈಗೆ ಅವನಿಗೆ ಬೇಕಾದ ಅಸ್ತ್ರವನ್ನು ಕೊಟ್ಟಂತಾಗಿದೆ. ಕಾರ್ಯಕರ್ತೆಗೆ ನೆರವಾಗುವುದು ಬೇರೆ ವಾದ: ತೆರೆದದ್ದನ್ನು ಓದಿದ್ದು ಎನ್ನುವ ಹಕ್ಕು ಈ ಪರದೆಗಿಲ್ಲ. ಟೆಲಿಗ್ರಾಂ ಸಣ್ಣ ಗ್ರೂಪುಗಳಲ್ಲಿ ಮಾತ್ರ ಇಂಥ ಪಟ್ಟಿ ತೋರಿಸಿ, ಅದನ್ನೂ ಏಳು ದಿನಕ್ಕೆ ಅಳಿಸುತ್ತದೆ. ಹಳೆಯ ಪಟ್ಟಿ ತೆಗೆದು ಲೆಕ್ಕ ಕೇಳುವ ದಾರಿ ಹಾಗೆ ಮುಚ್ಚುತ್ತದೆ. ಸ್ವಿಚ್ಚಿಗಿಂತ ಅದು ಹೆಚ್ಚು ಬಾಳುವ ಪರಿಹಾರ.

ತುರ್ತು ಹೊತ್ತಿನಲ್ಲಿ ಈ ಪರದೆ ಕೈಹಿಡಿಯುತ್ತದಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಹಿಡಿಯುತ್ತದೆ, ಆದರೆ ಜನ ನೆಚ್ಚಿದ ಪಟ್ಟಿಯಿಂದಲ್ಲ. ಊರಿಗೆ ನೀರು ನುಗ್ಗುವ ಎಚ್ಚರಿಕೆ ಕಳಿಸಿದವನಿಗೆ ಮೊದಲು ಬೇಕಾಗುವುದು ಸುದ್ದಿ ಮುಟ್ಟದೇ ಇರುವವರ ಹೆಸರು. ತಲುಪಿತು ಎಂಬ ಪಟ್ಟಿಯಲ್ಲೂ ಎಚ್ಚರ ಬೇಕು, ಏಕೆಂದರೆ ಫೋನು ಆರಿಹೋಗಿದ್ದರೂ ಅದಕ್ಕೆ ಜೋಡಿಸಿದ ಕಂಪ್ಯೂಟರಿಗೆ ಮೆಸೇಜು ಮುಟ್ಟಿದರೆ ತಲುಪಿದ ಲೆಕ್ಕವೇ. ಮೆಸೇಜು ಕಳಿಸಿದ ಮೇಲೆ ಗ್ರೂಪು ಬಿಟ್ಟವರ ಹೆಸರೂ ಅಲ್ಲಿ ಹಾಗೆಯೇ ಇರುತ್ತದೆ. ಆದರೂ ಅದು ಕೆಲಸಕ್ಕೆ ಬರುವ ಪಟ್ಟಿ. ಹಾಗಿರುವಾಗ ಪರದೆ ಕೇಳಿದವರನ್ನೂ ತೆರೆದವರನ್ನೂ ಮೇಲೆ ಕೂರಿಸಿ, ತಲುಪಿದವರನ್ನು ಕೆಳಗೆ ಇಟ್ಟು, ಇನ್ನೂ ಮುಟ್ಟದವರನ್ನು ಹೆಸರಿಲ್ಲದೆ ಬರೀ ಒಂದು ಸಂಖ್ಯೆಯಾಗಿ ಕೊನೆಗೆ ತಳ್ಳುತ್ತದೆ. ನಮ್ಮ ಟೀಚರಿಗೆ ಆ ಮೂವರು ಪೋಷಕರು ಯಾರೆಂದು ತಿಳಿಯಬೇಕಾದರೆ ಗ್ರೂಪಿನ ಸದಸ್ಯರ ಪಟ್ಟಿ ತೆರೆದು, ಈ ಪರದೆಯ 43 ಹೆಸರುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋಗಬೇಕು. ರಾತ್ರಿ ಹತ್ತೂವರೆಗೆ ಅವರು ಮಾಡಬೇಕಾದ ಆ ಕೆಲಸವನ್ನು ಪರದೆಯೇ ಮಾಡಿ ಮೊದಲ ಸಾಲಿನಲ್ಲಿ ಬರೆಯಬಹುದಿತ್ತು.