ಹೊಳೆಗೆ ಬಿದ್ದ ಇಲಿ ಎಲ್ಲಿಗೆ ಹೋಗಬೇಕು?

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನಾಟಕ ಮಾಡಲು ಶಾಲೆಗಳಿಗೆ ಇಷ್ಟ. ಎಷ್ಟು ಮಕ್ಕಳಿದ್ದರೂ ಇಲಿ ಮಾಡಿ ನಿಲ್ಲಿಸಬಹುದು, ಯಾರ ಅಪ್ಪ ಅಮ್ಮನಿಗೂ ಬೇಜಾರಿಲ್ಲ. ಆದರೆ ರಂಗದ ನಕ್ಷೆ ಬರೆಯುವವರಿಗೆ ಇದು ಕಷ್ಟದ ನಾಟಕ. ಹೊಳೆಗೆ ಬಿದ್ದು ಸತ್ತ ಇಲಿಗಳೇ ಸ್ವಲ್ಪ ಹೊತ್ತಿನಲ್ಲಿ ಊರ ಮಕ್ಕಳಾಗಿ ಎದ್ದು ಬಂದು ಬೆಟ್ಟದೊಳಗೆ ಹೋಗಬೇಕು. ನಡುವೆ ಗೌಡನ ಚಾವಡಿ ಇದೆ, ಹೊಳೆ ಇದೆ, ಬೆಟ್ಟ ಇದೆ.

ಈ ನಾಟಕಕ್ಕೆಂದು ಮೇಡಂ ಒಬ್ಬರು ನಕ್ಷೆ ಬರೆದು ತಂದಿದ್ದರು. ಚಾವಡಿ ಎಲ್ಲಿ, ಮರ ಎಲ್ಲಿ, ಹೊಳೆ ಎಲ್ಲಿ ಎಂದು ಬಣ್ಣದ ಪೆನ್ಸಿಲ್ಲಿನಲ್ಲಿ ಅಂದವಾಗಿ ತೋರಿಸಿದ್ದರು. ಪ್ರೇಕ್ಷಕರಿಗೆ ಕಾಣುವುದೆಲ್ಲ ಅದರಲ್ಲಿತ್ತು, ಕಾಣದ್ದು ಒಂದೂ ಇರಲಿಲ್ಲ. “ಇಪ್ಪತ್ನಾಲ್ಕು ಇಲಿ ಹೊಳೆಗೆ ಬಿದ್ದ ಮೇಲೆ ಎಲ್ಲಿ ನಿಲ್ಲುತ್ತವೆ ಮೇಡಂ?” ಅಂದೆ. “ಒಳಗೆ ಸಾರ್” ಅಂದರು. ಆ ‘ಒಳಗೆ’ ಅನ್ನುವುದಕ್ಕೂ ಅಳತೆ ಇದೆ. ನಕ್ಷೆಯನ್ನು ಅಲ್ಲಿಂದಲೇ ಶುರು ಮಾಡಬೇಕು ಎಂಬುದು ನನ್ನ ಹಟ.

ಟೇಪು ಹಿಡಿದು ಅಳೆದೆವು. ರಂಗದ ಬಾಯಿ 7 ಮೀಟರ್, ಆಳ 5 ಮೀಟರ್. ನಟ ಪ್ರೇಕ್ಷಕರಿಗೆ ಮುಖ ಮಾಡಿ ನಿಂತಾಗ ಅವನ ಬಲಕ್ಕೆ 2 ಮೀಟರ್ ಅಗಲದ ಪಕ್ಕದ ಜಾಗ, ಅಲ್ಲಿಂದ ಬಾಗಿಲು ದಾಟಿದರೆ ಏಳನೇ ತರಗತಿಯ ಕೋಣೆ. ಅದೇ ಗ್ರೀನ್ ರೂಮ್. ಎಡಕ್ಕೆ ಬರೀ 1.2 ಮೀಟರ್, ಆಮೇಲೆ ಗೋಡೆ. ಹಿಂಪರದೆಗೂ ಹಿಂಗೋಡೆಗೂ ನಡುವೆ 75 ಸೆಂಟಿಮೀಟರ್ ಓಣಿ. ಒಂದು ಮೀಟರಿಗೆ 2 ಸೆಂಟಿಮೀಟರ್ ಲೆಕ್ಕ ಹಿಡಿದರೆ ಇಷ್ಟೂ ಒಂದು ಎ4 ಗ್ರಾಫ್ ಹಾಳೆಯಲ್ಲಿ ಕೂರುತ್ತದೆ. ಬಾಗಿಲು ಬರೆದರೆ ಸಾಲದು, ಅದು ತೆರೆದುಕೊಳ್ಳುವ ಕಮಾನನ್ನೂ ಬರೆಯಬೇಕು. ಈ ಬಾಗಿಲು ರಂಗದ ಕಡೆಗೇ ತೆರೆಯುತ್ತಿತ್ತು. ಕಮಾನು ಎಳೆದಾಗ 2 ಮೀಟರಿನಲ್ಲಿ 90 ಸೆಂಟಿಮೀಟರ್ ಬಾಗಿಲಿನ ಪಾಲಾಯಿತು. ಹಾಗಾಗಿ ನಾಟಕ ಮುಗಿಯುವವರೆಗೆ ಅದನ್ನು ಗೋಡೆಗೆ ಒತ್ತಿ ಕಟ್ಟಿಬಿಡುವುದೆಂದು ಆಯಿತು.

ಮೊದಲ ಸಾಲಿನ ಕೊನೆಯ ಕುರ್ಚಿಗಳನ್ನೂ ಹಾಳೆಯ ಮೇಲೆ ಗುರುತು ಮಾಡಿ, ಅಲ್ಲಿಂದ ರಂಗದ ಬಾಯಿಯ ಅಂಚಿಗೆ ಸ್ಕೇಲ್ ಇಟ್ಟು ಗೆರೆಯನ್ನು ಒಳಗೆ ಎಳೆಯಬೇಕು. ಎಡತುದಿಯ ಕುರ್ಚಿಗೆ ಎದುರು ಬದಿಯ ಒಳಜಾಗ ಕಾಣುತ್ತದೆ, ಬಲತುದಿಯದಕ್ಕೂ ಹಾಗೇ. ಗೆರೆಯ ಆಚೆಗೆ ಉಳಿದದ್ದಷ್ಟೇ ಮಕ್ಕಳು ನಿಲ್ಲುವ ಜಾಗ. ಹೆಚ್ಚು ಬೇಕಿದ್ದರೆ ಇನ್ನೊಂದು ಸೈಡ್ ವಿಂಗ್ ಇಳಿಬಿಡಬೇಕು.

ಮೇಡಂ ಹೊಳೆಯನ್ನು ಎಡಕ್ಕೆ ಇಟ್ಟಿದ್ದರು. ಬಾಲ ಕಟ್ಟಿಕೊಂಡ ಮಕ್ಕಳು ಚದರ ಮೀಟರಿಗೆ ನಾಲ್ವರಂತೆ ನಿಂತರೂ 24 ಮಂದಿಗೆ 6 ಚದರ ಮೀಟರ್ ಬೇಕು. ಎಡಗಡೆಯ ಜಾಗ ಇರುವುದೇ 1.2ಕ್ಕೆ 5, ಅಂದರೆ ಸರಿಯಾಗಿ ಆರು. ಪರಿಕರದ ಮೇಜು ಇಡಲು, ಬೆಟ್ಟದ ಪರದೆ ಒರಗಿಸಲು ಒಂದು ಗೇಣೂ ಉಳಿಯುವುದಿಲ್ಲ. ಮೇಲಾಗಿ ವೇಷ ಕಳಚಲು ಅವರೆಲ್ಲ ಆ ಓಣಿಯಲ್ಲಿ ಒಬ್ಬೊಬ್ಬರೇ ನುಸುಳಿ ಆಚೆ ಬದಿಯ ತರಗತಿಗೆ ಹೋಗಬೇಕು. ಇಲ್ಲಿ ಇಲಿಗಳು ಮುಳುಗುತ್ತವೋ ಇಲ್ಲವೋ, ನಾಟಕ ಮುಳುಗುತ್ತದೆ. ಆದ್ದರಿಂದ ಹೊಳೆಯನ್ನು ಬಲಕ್ಕೆ ತಂದು ಬೆಟ್ಟವನ್ನು ಎಡಕ್ಕೆ ಕಳಿಸಿದೆವು.

ಹೊಳೆ ಅಂದರೆ ಬಲಗಡೆಯ ಹಿಂದಿನ ಸಂದಿಗೆ ಅಡ್ಡವಾಗಿ ಇಬ್ಬರು ಅಲುಗಿಸುವ ನೀಲಿ ಬಟ್ಟೆ. ಇಲಿಗಳು ಬಟ್ಟೆಯ ಹಿಂದಕ್ಕೆ ಹಾರಿ ನೇರವಾಗಿ ತರಗತಿಯ ಮುಂಬಾಗಿಲಿಗೆ ಹೋಗುತ್ತವೆ. ಅಂಗಿ ಚಡ್ಡಿ, ಲಂಗಗಳು ಒಳಗೇ ಇರುವುದರಿಂದ ಕಳಚಬೇಕಾದದ್ದು ಎಲಾಸ್ಟಿಕ್ ಬಾಲ, ಕಿವಿಟೋಪಿ, ಬೂದು ಮೇಲಂಗಿ ಮಾತ್ರ. ಅಲ್ಲಿ ಒಬ್ಬೊಬ್ಬರಿಗೂ ನಂಬರು ಬರೆದ ಒಂದು ಕುರ್ಚಿ, ಕಳಚಿದ್ದೆಲ್ಲ ಅದರ ಮೇಲೆ. ತರಗತಿಗೆ ಎರಡು ಬಾಗಿಲಿದ್ದದ್ದು ನಮ್ಮ ಪುಣ್ಯ. ಒಂದರಿಂದ ಒಳಗೆ, ಇನ್ನೊಂದರಿಂದ ಹೊರಗೆ ಬಂದು ಜಗುಲಿಯಲ್ಲಿ ಸಾಲು ನಿಲ್ಲುವುದು.

ಇದಕ್ಕೆಲ್ಲ ಸಮಯ ಎಲ್ಲಿಂದ? ಹಳೆಯ ಕಂಪನಿ ನಾಟಕದವರು ಇದಕ್ಕೆ ಉಪಾಯ ಮಾಡಿಟ್ಟಿದ್ದಾರೆ. ಮುಂದೆ ರಸ್ತೆಯ ಪರದೆ ಇಳಿಸಿ ಅದರೆದುರು ಹಾಸ್ಯ ನಡೆಸುವರು, ಹಿಂದೆ ಸದ್ದಿಲ್ಲದೆ ದರ್ಬಾರು ಸಜ್ಜಾಗುವುದು. ಶಾಲೆಗೆ ಇಳಿಸುವ ಪರದೆ ಇಲ್ಲದಿದ್ದರೆ ಯಕ್ಷಗಾನದ ಹಾಗೆ ಇಬ್ಬರು ತೆರೆ ಹಿಡಿದರಾಯಿತು, ಹಿಂದಿನ ಬೆಟ್ಟ ಮರೆಯಾಗುವಷ್ಟು ಎತ್ತರದ್ದು. ಗೌಡ ಕೊಡುವ ಹಣ ಕೊಡದೆ ಜೋಗಿಯೊಂದಿಗೆ ಜಗಳಕ್ಕೆ ನಿಲ್ಲುವ ಭಾಗವನ್ನು ಅಂಚಿನಿಂದ ಒಂದೂವರೆ ಮೀಟರ್ ಒಳಗೆ ಹಿಡಿದ ತೆರೆಯ ಮುಂದೆ ಆಡಿಸಿದೆವು. ಮೂರು ನಿಮಿಷದ ಮಾತು. ಅಷ್ಟರಲ್ಲಿ ಇಲಿಗಳು ಮಕ್ಕಳಾಗಬೇಕು, ಚಾವಡಿ ಬೆಟ್ಟವಾಗಬೇಕು.

ಚಾವಡಿಯ ಜಗಲಿ 2.4ಕ್ಕೆ 1.2 ಮೀಟರಿನ, 30 ಸೆಂಟಿಮೀಟರ್ ಎತ್ತರದ ಮರದ ಲೆವೆಲ್. ಅದು ಎಡಗಡೆ ಹಿಂದಕ್ಕೆ ನಾಟಕದುದ್ದಕ್ಕೂ ಅಲ್ಲೇ ಇರುತ್ತದೆ, ಮುಂದೆ ಅದೇ ಬೆಟ್ಟದ ತಪ್ಪಲು. ಹೊರಗೆ ಹೋಗಬೇಕಾದದ್ದು ಗೌಡನ ಕುರ್ಚಿ, ಎರಡು ಮಣೆ. ಒಳಗೆ ಬರಬೇಕಾದದ್ದು ಬೆಟ್ಟದ ಎರಡು ಮಡಚು ಪರದೆ. ದೃಶ್ಯ ಬದಲಿಸುವಾಗ ಹೊತ್ತು ತಿನ್ನುವುದು ಸಾಮಾನಿನ ಭಾರವಲ್ಲ. ಹೊರಗೆ ಹೋಗುವವರೂ ಒಳಗೆ ಬರುವವರೂ ಒಂದೇ ಸಂದಿಯಲ್ಲಿ ಎದುರುಬದುರಾಗಿ, “ನೀ ಹೋಗು, ನೀ ಬಾ” ಅನ್ನುವುದರಲ್ಲೇ ಹತ್ತು ಸೆಕೆಂಡು ಕಳೆಯುತ್ತದೆ. ಕುರ್ಚಿ, ಮಣೆ ಬಲಕ್ಕೆ ಹೋಗಲಿ, ಬೆಟ್ಟ ಎಡಗಡೆಯ ಹಿಂದಿನ ಸಂದಿಯಿಂದ ಬರಲಿ ಎಂದು ಬರೆದುಕೊಂಡೆವು. ಬೆಟ್ಟ ಮೊದಲಿನಿಂದಲೂ ಎಡಗೋಡೆಗೆ ಒರಗಿರುತ್ತದೆ, ಅದರ ಮುಂದೆ ಬೇರೇನೂ ಇಡುವಂತಿಲ್ಲ.

ಮಕ್ಕಳ ಮೆರವಣಿಗೆ ಬಲದಿಂದ ಬಂದು ಬೆಟ್ಟದ ಸೀಳಿನಲ್ಲಿ ಮರೆಯಾಗುತ್ತದೆ. ಆ ಕಡೆ ಗೋಡೆ, ನಿಂತರೆ ಗುಂಪು. ಅದಕ್ಕೇ ನಿಲ್ಲದೆ ಹಿಂದಿನ ಓಣಿ ಹಿಡಿದು ಬಲಕ್ಕೆ ಬಂದು ಮತ್ತೆ ಸಾಲು ಸೇರಿಕೊಳ್ಳುತ್ತಾರೆ. 24 ಮಕ್ಕಳು ಎರಡು ಸುತ್ತು ಬಂದರೆ ಊರಿಗೆ ಊರೇ ಹೊರಟಂತೆ ಕಾಣುತ್ತದೆ. ಒಂದೇ ಷರತ್ತು: ನಾಟಕದುದ್ದಕ್ಕೂ ಓಣಿಯಲ್ಲಿ ಎಡದಿಂದ ಬಲಕ್ಕೆ ಮಾತ್ರ ನಡೆಯಬೇಕು. ಎಡದಿಂದ ಪ್ರವೇಶಿಸುವ ಆರು ಇಲಿಗಳು ನಾಟಕ ಶುರುವಾಗುವ ಮೊದಲೇ ಅಲ್ಲಿ ಕೂತಿರಬೇಕು. ಎಡ ಬಲ ಅಂದರೆ ಮಕ್ಕಳು ತಡಬಡಿಸುತ್ತಾರೆ. ಅದಕ್ಕೆ ‘ತೆಂಗಿನಮರದ ಕಡೆ’, ‘ಗೋಡೆ ಕಡೆ’ ಎಂದು ಹೆಸರಿಟ್ಟೆವು.

ಕತ್ತಲಲ್ಲಿ ಬೆಟ್ಟದ ಜಾಗ ತಿಳಿಯಲು ನೆಲಕ್ಕೆ ಗುರುತು ಅಂಟಿಸಬೇಕು. ಗಾಡಿಗೆ ಹಾಕುವ ರೇಡಿಯಂ ಸ್ಟಿಕ್ಕರ್ ಇಲ್ಲಿ ಉಪಯೋಗಕ್ಕಿಲ್ಲ, ಬೆಳಕು ಬಿದ್ದರೆ ಮಾತ್ರ ಅದು ಹೊಳೆಯುತ್ತದೆ. ಬೆಳಕು ಕುಡಿದು ಕತ್ತಲಲ್ಲಿ ತಾನೇ ಮಿನುಗುವ ಟೇಪು ಬೇರೆ ಸಿಗುತ್ತದೆ, ಕೇಳಿ ತನ್ನಿ. ಆಟಕ್ಕೆ ಮುಂಚೆ ರಂಗದ ದೀಪಗಳು ಅದರ ಮೇಲೆ ಸ್ವಲ್ಪ ಹೊತ್ತು ಬಿದ್ದಿರಬೇಕು.

ಇಷ್ಟಾದ ಮೇಲೆ ನಟರಿಲ್ಲದೆ ಬರೀ ಬದಲಾವಣೆಯ ತಾಲೀಮು. ಮೊದಲು ಪೂರ್ತಿ ಬೆಳಕಿನಲ್ಲಿ, ಆಮೇಲೆ ಅರೆಬೆಳಕಿನಲ್ಲಿ, ಕೊನೆಗೆ ಕತ್ತಲಲ್ಲಿ. ಬೆಳಕಿನಲ್ಲೇ ಡಿಕ್ಕಿ ಹೊಡೆದುಕೊಂಡರೆ ತಪ್ಪು ಮಕ್ಕಳದಲ್ಲ, ನಕ್ಷೆಯದು. ಹಾಳೆ ತೆಗೆದು ತಿದ್ದಿ. ಬೆಳಕಿನಲ್ಲಿ ಸರಾಗವಾಗಿ, ಕತ್ತಲಲ್ಲಿ ಮಾತ್ರ ಎಡವಿದರೆ ಗುರುತು ಸಾಲದು ಎಂದರ್ಥ. ಓಣಿಯ ತಿರುವಿನಲ್ಲಿ ನಿಂತು ಸಾಲು ಕಳಿಸಲು ಒಂಬತ್ತನೇ ತರಗತಿಯ ಗಟ್ಟಿ ಹುಡುಗಿಯೊಬ್ಬಳು ಸಾಕು. ಮೇಷ್ಟ್ರನ್ನು ನಿಲ್ಲಿಸಬೇಡಿ. 75 ಸೆಂಟಿಮೀಟರಿನಲ್ಲಿ ಅರ್ಧ ಅವರಿಗೇ ಬೇಕು, ಮತ್ತೆ ಅವರು ಪರದೆ ಸರಿಸಿ ನಾಟಕ ನೋಡುತ್ತಿರುತ್ತಾರೆ.