ತಹಶೀಲ್ದಾರರ ಮೊಹರು, ಮೇಷ್ಟ್ರ ಸಹಿ

ಜಹೀರಾಬಾದಿನ ಮೀಸೇವಾ ಕೇಂದ್ರಗಳ ಮುಂದೆ ಪ್ರವೇಶದ ಹಂಗಾಮಿನಲ್ಲಿ ನಿಲ್ಲುವವರು ಬಹುಪಾಲು ಕೇಳುವುದು ವಾಸ ಪ್ರಮಾಣಪತ್ರವನ್ನು. ಡೊಮಿಸೈಲ್ ಎಂದರೂ ಅದೇ, ರೆಸಿಡೆನ್ಸ್ ಎಂದರೂ ಅದೇ ಎಂಬ ನಂಬಿಕೆ ಅಲ್ಲಿ ಗಟ್ಟಿ. ನಾರಾಯಣಖೇಡ, ತಾಂಡೂರಿನಲ್ಲೂ ಈ ಕಾಗದದ ಕೀರ್ತಿಗೆ ಕೊರತೆಯಿಲ್ಲ. ಆ ಕೀರ್ತಿ ಅದರ ಯೋಗ್ಯತೆಗೆ ಮೀರಿದ್ದು ಎಂಬುದೇ ನನ್ನ ತಕರಾರು.

ಸಂವಿಧಾನದ 371ಡಿ ವಿಧಿ, ಮುಲ್ಕಿ ಜಗಳದ ಇತಿಹಾಸ ಓದುಗರಿಗೆ ಗೊತ್ತಿದ್ದದ್ದೇ. ಆ ವಿಧಿಯಡಿ ಹೊರಟ 1974ರ ಪ್ರವೇಶ ಆದೇಶದ ಒಂದು ವಾಕ್ಯವನ್ನು ಮಾತ್ರ ನಿಧಾನವಾಗಿ ಓದಬೇಕು. ಅರ್ಹತಾ ಪರೀಕ್ಷೆ ಬರೆದ ವರ್ಷಕ್ಕೆ ಮುಗಿಯುವಂತೆ ಸತತ ನಾಲ್ಕು ಶೈಕ್ಷಣಿಕ ವರ್ಷ ಸ್ಥಳೀಯ ಪ್ರದೇಶದಲ್ಲಿ ಓದಿದವನೇ ಸ್ಥಳೀಯ ಎನ್ನುತ್ತದೆ ಅದು. ವಾಸದ ಮಾತು ಬರುವುದು ಆಮೇಲೆ, ಅದೂ ಆ ಅವಧಿಯಲ್ಲಿ ಶಾಲೆಗೇ ಹೋಗದೆ ಖಾಸಗಿಯಾಗಿ ಪರೀಕ್ಷೆ ಕಟ್ಟಿದವರಿಗೆ. ಶಾಲೆಗೆ ಹೋದ ಮಗುವಿಗೆ ಮನೆ ಎಲ್ಲಿದೆ ಎಂಬುದನ್ನು ಆ ವಾಕ್ಯ ಕೇಳುವುದೇ ಇಲ್ಲ. ತಹಶೀಲ್ದಾರರ ಮೊಹರಿಗಿಂತ ಮುಖ್ಯೋಪಾಧ್ಯಾಯರು ಬರೆದುಕೊಡುವ ವ್ಯಾಸಂಗ ಪ್ರಮಾಣಪತ್ರ ಇಲ್ಲಿ ದೊಡ್ಡದು.

ನೌಕರಿಗೆ ಬಂದರೆ ಗಡಿಯಾರ ತಿರುಗಿಬಿಡುತ್ತದೆ. ತೆಲಂಗಾಣದ 2018ರ ಸಾರ್ವಜನಿಕ ಉದ್ಯೋಗ ಆದೇಶ ನೋಡುವುದು ಕೊನೆಯ ವರ್ಷಗಳನ್ನಲ್ಲ, ಒಂದರಿಂದ ಏಳನೆಯ ತರಗತಿಯನ್ನು. ಅದರಲ್ಲಿ ಕನಿಷ್ಠ ನಾಲ್ಕು ವರ್ಷ ಎಲ್ಲಿ ಓದಿದೆಯೋ ಅಲ್ಲಿನವನು ನೀನು. ನೇರ ನೇಮಕಾತಿಯಲ್ಲಿ ಶೇಕಡಾ 95 ಹುದ್ದೆ ಇಂಥ ಸ್ಥಳೀಯರಿಗೆ.

ಈ ಎರಡನ್ನೂ ಒಬ್ಬ ಹುಡುಗಿಯ ಮೇಲೆ ಇಟ್ಟು ನೋಡೋಣ. ಜಹೀರಾಬಾದಿನ ಕನ್ನಡದ ಮನೆ. ಏಳನೆಯವರೆಗೆ ಊರಲ್ಲೇ ಓದು, ಎಂಟರಿಂದ ಪಿಯುಸಿವರೆಗೆ ಬೀದರಿನ ಅಜ್ಜಿಮನೆ. ಸಂಗಾರೆಡ್ಡಿ ಜಿಲ್ಲೆಯ ನೌಕರಿಗೆ ಅವಳು ಅಪ್ಪಟ ಸ್ಥಳೀಯಳು. ಅದೇ ಜಿಲ್ಲೆಯ ಎಂಜಿನಿಯರಿಂಗ್ ಸೀಟಿಗೆ, ಶೇಕಡಾ 85ರ ಪಾಲಿನಲ್ಲಿ, ಹೊರಗಿನವಳು. ವಾಸ ಪ್ರಮಾಣಪತ್ರ ಅವಳ ಕೈ ಹಿಡಿಯುವುದು ಉಳಿದ 15ರಲ್ಲಿ: ಅವಳಾಗಲಿ, ತಂದೆ ಅಥವಾ ತಾಯಿಯಾಗಲಿ ರಾಜ್ಯದಲ್ಲಿ ಹತ್ತು ವರ್ಷ ವಾಸವಿದ್ದರೆಂದು ತೋರಿಸಬೇಕು. ಓದಿನ ಕ್ರಮ ತಿರುವುಮುರುವಾಗಿದ್ದರೆ ಫಲವೂ ತಿರುವುಮುರುವು: ಸೀಟಿಗೆ ಸ್ಥಳೀಯಳು, ನೌಕರಿಗೆ ಪರಕೀಯಳು.

ಡೊಮಿಸೈಲ್ ನಿಷ್ಪ್ರಯೋಜಕವೆಂದಲ್ಲ. ಎಸ್‌ಎಸ್‌ಸಿ ಜಿಡಿ ಕಾನ್‌ಸ್ಟೇಬಲ್ ಹುದ್ದೆಗಳು ರಾಜ್ಯವಾರು ಹಂಚಿಕೆಯಾಗುವುದರಿಂದ ಅಲ್ಲಿ ಅದು ಬೇಕೇ ಬೇಕು. ಸೇನಾ ಭರ್ತಿ ರ‍್ಯಾಲಿಯಲ್ಲೂ ಕೇಳುತ್ತಾರೆ. ಆದರೆ ಭಾರತೀಯನಿಗೆ ಇರುವ ಡೊಮಿಸೈಲ್ ಒಂದೇ, ಅದು ಭಾರತದ್ದು, ರಾಜ್ಯದ್ದೆಂಬುದು ಬೇರೆ ಇಲ್ಲವೆಂದು ಸುಪ್ರೀಂ ಕೋರ್ಟ್ 1984ರ ಪ್ರದೀಪ್ ಜೈನ್ ಪ್ರಕರಣದಲ್ಲೇ ಹೇಳಿದೆ. ವೈದ್ಯಕೀಯ ಸೀಟಿನ ನಾಲ್ಕು ವರ್ಷದ ಓದಿನ ನಿಯಮವನ್ನು ತೆಲಂಗಾಣ ಹೈಕೋರ್ಟ್ 2024ರಲ್ಲಿ ಸಡಿಲಿಸಿ, ಖಾಯಂ ನಿವಾಸಿಗಳಿಗೆ ಅದು ಅನ್ವಯಿಸದೆಂದಾಗ ವಾಸದ ಕಾಗದಕ್ಕೆ ಮರುಜೀವ ಬಂದಂತಿತ್ತು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗೊತ್ತಿ ನಿಯಮವನ್ನು ಎತ್ತಿಹಿಡಿಯಿತು.

ಇನ್ನು ನಮ್ಮ ಗಡಿನಾಡ ಭಾಷಣಕಾರರ ಜೊತೆಗಿನ ಜಗಳ. ತೆಲಂಗಾಣದ ಕನ್ನಡ ಮಕ್ಕಳಿಗೆ ಹೈದರಾಬಾದು ಅನ್ಯಾಯ ಮಾಡುತ್ತಿದೆ ಎಂದು ವೇದಿಕೆ ವೇದಿಕೆಯಲ್ಲಿ ಗುಡುಗುವ ಇವರು ಬೆಂಗಳೂರಿನ ನಿಯಮವನ್ನೊಮ್ಮೆ ತೆರೆದು ನೋಡಿದ್ದಾರೆಯೇ? ಸಿಇಟಿಯ ಗಡಿನಾಡು ಕನ್ನಡಿಗರ ಷರತ್ತಿನಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಇವೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಇವೆ. 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್, ನಾರಾಯಣಖೇಡ ಇಲ್ಲ. ಗುಲ್ಬರ್ಗದಲ್ಲಿದ್ದ ತಾಂಡೂರೂ ಇಲ್ಲ. ಪಟ್ಟಿ ಹೇಳುವುದು ವಿವಾದಿತ ಪ್ರದೇಶಗಳನ್ನು. ಮಹಾಜನ ಆಯೋಗದ ಮುಂದಿದ್ದದ್ದು ಮಹಾರಾಷ್ಟ್ರ, ಕೇರಳದ ಗಡಿಗಳು. ಆಂಧ್ರದ ಗಡಿ ಅದರ ಮುಂದೆ ಬಂದಿರಲಿಲ್ಲ. ಜಗಳವಾಡದೆ ಸುಮ್ಮನಿದ್ದದ್ದೇ ಈ ಊರುಗಳ ಅಪರಾಧವಾಯಿತು.

ಹೀಗಾಗಿ ನಮ್ಮ ಹುಡುಗಿಗೆ ಕರ್ನಾಟಕದಲ್ಲೂ ಸಲೀಸಿಲ್ಲ. ಒಂದರಿಂದ ಪಿಯುಸಿವರೆಗೆ ಏಳು ವರ್ಷ ಇಲ್ಲಿ ಓದಿರಬೇಕು, ಅವಳದ್ದು ಐದು. ಒಂದು ಕಿಂಡಿ ಮಾತ್ರ ತೆರೆದಿದೆ: ಎರಡೂ ವರ್ಷದ ಪಿಯುಸಿ ಕರ್ನಾಟಕದಲ್ಲಾಗಿ, ತಂದೆ ಅಥವಾ ತಾಯಿ ಇಲ್ಲಿ ಏಳು ವರ್ಷ ಓದಿದ್ದರೆ ಅರ್ಹತೆಯುಂಟು. ಬೀದರಿನಿಂದ ಮದುವೆಯಾಗಿ ಬಂದ ಅಮ್ಮನ ಹಳೆಯ ಶಾಲೆಯ ದಾಖಲೆ ಮಗಳ ಸೀಟು ಉಳಿಸಬಲ್ಲದು. ಗಡಿನಾಡಿನ ಹೆಸರಲ್ಲಿ ಭಾಷಣ ಮಾಡುವವರಲ್ಲಿ ಇದನ್ನು ಹೇಳುವವರು ವಿರಳ.

ಸೇರಿಸಬೇಕಾದ್ದು ಮೂರು ತಾಲ್ಲೂಕುಗಳ ಹೆಸರು. ಕರ್ನಾಟಕ ಸರ್ಕಾರ ಆ ತಿದ್ದುಪಡಿ ಮಾಡಲಿ. ಅಲ್ಲಿಯವರೆಗೆ ಹೆತ್ತವರು ಒಂದನೆಯ ತರಗತಿಯಿಂದಲೇ ವ್ಯಾಸಂಗ ಪ್ರಮಾಣಪತ್ರಗಳನ್ನು ವರ್ಷವರ್ಷವೂ ತೆಗೆದಿಡಲಿ. ಶಾಲೆ ಮುಚ್ಚಿಹೋದ ಮೇಲೆ ಅವನ್ನು ಪಡೆಯುವುದು ಬಲು ಕಷ್ಟ.