ತಪ್ಪು ಲಗತ್ತಿನ ನಂತರದ ಕ್ಷಮಾಪಣೆ: ಒಂದು ವಿಮರ್ಶೆ

ಉತ್ತರ ಕೆರೊಲಿನಾದ ಶಾರ್ಲೆಟ್ ನಗರದ ದಕ್ಷಿಣ ಅಂಚಿನಲ್ಲಿರುವ ಬ್ಯಾಲಂಟೈನ್‌ನಂಥ ಬಡಾವಣೆಯಲ್ಲಿ ನೆಲೆಸಿ ಕೆಲಸ ಹುಡುಕುವ ಕನ್ನಡಿಗ ಐಟಿ ಉದ್ಯೋಗಿಗಳಿಗೆ ಒಂದೇ ಬಗೆಯ ಹುದ್ದೆ ಹಲವು ಬ್ಯಾಂಕುಗಳಲ್ಲಿ ಕಾಣಸಿಗುವುದು ಸಹಜ. ಏಕೆಂದರೆ ಬ್ಯಾಂಕ್ ಆಫ್ ಅಮೆರಿಕ ಮತ್ತು ಟ್ರೂಯಿಸ್ಟ್ ಎರಡರ ಕೇಂದ್ರ ಕಚೇರಿಗಳೂ ಇದೇ ನಗರದಲ್ಲಿವೆ, ವೆಲ್ಸ್ ಫಾರ್ಗೊ ಕೂಡ ಇಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿದೆ. ಹೀಗಾಗಿ ರೆಸ್ಯೂಮ್ ಜೊತೆಗೆ ಇರಿಸುವ ಪರಿಚಯ ಪತ್ರ, ಅಂದರೆ ಕವರ್ ಲೆಟರ್, ಬಹುಮಟ್ಟಿಗೆ ಒಂದೇ ಆಗಿದ್ದು ಬ್ಯಾಂಕಿನ ಹೆಸರಷ್ಟೇ ಬದಲಾಗುತ್ತದೆ. ಒಂದು ಬ್ಯಾಂಕಿಗೆ ಬರೆದ ಪತ್ರ ಮತ್ತೊಂದಕ್ಕೆ ಹೋಗುವುದು ಈ ರೂಢಿಯಿಂದಲೇ. ಆ ಬಳಿಕ ಬರೆಯುವ ಕಿರು ಕ್ಷಮಾಪಣೆಯ ಯೋಗ್ಯತೆಯನ್ನು ಅದರ ವಿನಯದಿಂದಲ್ಲ, ಅದು ಓದುವವರ ಕೆಲಸವನ್ನು ಎಷ್ಟು ಕಡಿಮೆ ಮಾಡುತ್ತದೆ ಎಂಬುದರಿಂದ ಅಳೆಯಬೇಕು.

ಉದಾಹರಣೆಗೆ, ಟ್ರೂಯಿಸ್ಟ್‌ನ ಹುದ್ದೆಗೆ ಅರ್ಜಿ ಹಾಕಿದವರೊಬ್ಬರು ಬ್ಯಾಂಕ್ ಆಫ್ ಅಮೆರಿಕದ ಹೆಸರಿರುವ ಪತ್ರವನ್ನು ಲಗತ್ತಿಸಿದ್ದು ಅರ್ಧ ಗಂಟೆಯ ನಂತರ ತಿಳಿಯಿತೆಂದು ಇಟ್ಟುಕೊಳ್ಳೋಣ. ಅವರು ಬರೆಯಬಹುದಾದ ಮೊದಲ ಮಾದರಿ ಹೀಗಿರುತ್ತದೆ: 'ನನ್ನಿಂದ ಅಕ್ಷಮ್ಯ ಪ್ರಮಾದವಾಗಿದೆ; ಅವಸರದಲ್ಲಿ, ಹಲವೆಡೆ ಅರ್ಜಿ ಹಾಕುತ್ತಿದ್ದುದರಿಂದ ಹೀಗಾಯಿತು; ದಯವಿಟ್ಟು ಇದನ್ನು ನನ್ನ ಸ್ವಭಾವವೆಂದು ತಿಳಿಯಬೇಡಿ.' ಇದು ತಪ್ಪಿನ ಕಾರಣವನ್ನು ಹೇಳುತ್ತದೆಯೇ ಹೊರತು ಯಾವ ಕಡತವನ್ನು ತೆಗೆದುಹಾಕಬೇಕು, ಯಾವುದನ್ನು ಓದಬೇಕು ಎಂಬುದನ್ನು ಹೇಳುವುದಿಲ್ಲ. ಮೇಲಾಗಿ, ಕೇಳದಿದ್ದ ದೌರ್ಬಲ್ಯವೊಂದನ್ನು ತಾನೇ ಮುಂದಿಡುತ್ತದೆ. ಎರಡನೆಯ ಮಾದರಿ: 'ಹಿಂದಿನ ಇಮೇಲ್‌ನಲ್ಲಿ ತಪ್ಪಾದ ಕವರ್ ಲೆಟರ್ ಸೇರಿತ್ತು, ಕ್ಷಮಿಸಿ. ಈ ಹುದ್ದೆಗೆ ಬರೆದ ಪತ್ರ ಇಲ್ಲಿದೆ. ಹಿಂದಿನದರ ಬದಲು ಇದನ್ನು ಪರಿಗಣಿಸಿ. ರೆಸ್ಯೂಮ್‌ನಲ್ಲಿ ಬದಲಾವಣೆಯಿಲ್ಲ.' ಕೊನೆಯ ವಾಕ್ಯವೇ ಇದರಲ್ಲಿ ಹೆಚ್ಚು ಉಪಯುಕ್ತ, ಏಕೆಂದರೆ ಎರಡು ರೆಸ್ಯೂಮ್‌ಗಳನ್ನು ಹೋಲಿಸಿ ನೋಡುವ ಕೆಲಸವನ್ನು ಅದು ತಪ್ಪಿಸುತ್ತದೆ. ಇದನ್ನು ಹೊಸ ವಿಷಯದ ಸಾಲಿನೊಂದಿಗೆ ಪ್ರತ್ಯೇಕವಾಗಿ ಕಳಿಸದೆ ಮೊದಲಿನ ಇಮೇಲ್‌ಗೇ ಉತ್ತರವಾಗಿ ಕಳಿಸಿದರೆ ಎರಡೂ ಒಂದೇ ಸರಣಿಯಲ್ಲಿ ಉಳಿಯುತ್ತವೆ.

ಮತ್ತೆ ಕಳಿಸದೆಯೇ ತಪ್ಪನ್ನು ಅಳಿಸಬಹುದೆಂಬ ನಂಬಿಕೆಗೆ ಆಧಾರ ಕಡಿಮೆ. ಜಿಮೇಲ್‌ನ 'ಅನ್‌ಡು' ಸೌಲಭ್ಯವು ಇಮೇಲನ್ನು ಹೆಚ್ಚೆಂದರೆ 30 ಸೆಕೆಂಡು ತಡೆಹಿಡಿಯುತ್ತದೆ, ಅಷ್ಟೇ. ಔಟ್‌ಲುಕ್‌ನ 'ರೀಕಾಲ್' ಸೌಲಭ್ಯ ಕೆಲಸ ಮಾಡುವುದು ಕಳಿಸುವವರೂ ಪಡೆಯುವವರೂ ಒಂದೇ ಸಂಸ್ಥೆಯ ಅಂಚೆ ವ್ಯವಸ್ಥೆಯಲ್ಲಿದ್ದಾಗ ಮಾತ್ರ. ಹೊರಗಿನ ಬ್ಯಾಂಕಿಗೆ ಹೋದ ಪತ್ರವನ್ನು ಅದು ಮರಳಿ ತರಲಾರದು.

ಹಾಗೆಂದು ಪ್ರತಿ ತಪ್ಪಿಗೂ ಮತ್ತೆ ಕಳಿಸುವುದು ಪರಿಹಾರವಲ್ಲ. ಒಂದು ಅಕ್ಷರದೋಷಕ್ಕಾಗಿ ಅಥವಾ ಅಂಚಿನ ಜಾಗ ಸರಿಯಿಲ್ಲವೆಂದು ಎರಡನೆಯ ಇಮೇಲ್ ಕಳಿಸಿದರೆ, ಗಮನಕ್ಕೆ ಬಾರದೆ ಹೋಗಬಹುದಾಗಿದ್ದ ಕೊರತೆಯನ್ನು ಅರ್ಜಿದಾರರೇ ಎತ್ತಿ ತೋರಿಸಿದಂತಾಗುತ್ತದೆ. ಬೇರೆ ಸಂಸ್ಥೆಯ ಹೆಸರಿರುವ ಪತ್ರ, ಹಳೆಯ ಅಥವಾ ಬೇರೆ ಹುದ್ದೆಯ ರೆಸ್ಯೂಮ್, ಇಲ್ಲವೇ ಪಾಸ್‌ಪೋರ್ಟ್ ಪ್ರತಿಯಂಥ ಖಾಸಗಿ ದಾಖಲೆ ಹೋಗಿದ್ದರೆ ಮಾತ್ರ ಮತ್ತೆ ಕಳಿಸುವುದು ವಿವೇಕ. ಕೊನೆಯ ಸಂದರ್ಭದಲ್ಲಿ, ತಪ್ಪಾಗಿ ಬಂದ ಕಡತವನ್ನು ಅಳಿಸಿಹಾಕಬೇಕೆಂಬ ಸ್ಪಷ್ಟ ಕೋರಿಕೆಯೂ ಇರಬೇಕು.

ಈ ಸಲಹೆಯ ಮಿತಿ ಗೋಚರಿಸುವುದು ವೆಂಡರ್‌ಗಳ ಮೂಲಕ, ಅಂದರೆ ಬ್ಯಾಂಕಿಗೂ ಗುತ್ತಿಗೆ ನೌಕರನಿಗೂ ನಡುವೆ ನಿಲ್ಲುವ ಕಂಪನಿಗಳ ಮೂಲಕ, ಅರ್ಜಿ ಸಾಗುವಾಗ. ವೆಂಡರ್ ರೆಸ್ಯೂಮನ್ನು ಮುಂದೆ ಕಳಿಸಿಬಿಟ್ಟಿದ್ದರೆ ಅವರಿಗೆ ಬರುವ ಕ್ಷಮಾಪಣೆ ಬ್ಯಾಂಕಿನವರೆಗೆ ತಲುಪುವುದಿಲ್ಲ. ಆದ್ದರಿಂದ ಮೊದಲು ಫೋನಿನಲ್ಲಿ 'ಕಳಿಸಿದ್ದೀರಾ?' ಎಂದು ಕೇಳಿ, ಬಳಿಕ ಸರಿಯಾದ ಪ್ರತಿಯನ್ನು ಕಳಿಸುವುದು ಕ್ರಮ. ಎರಡು ಪ್ರತಿಗಳಲ್ಲಿ ಕೆಲಸದ ಅವಧಿಯೋ ಹುದ್ದೆಯೋ ಬೇರೆಬೇರೆಯಾಗಿದ್ದರೆ, ಮತ್ತೆ ಕಳಿಸಿದ ಪ್ರತಿಯು ತಪ್ಪು ಲಗತ್ತಿನ ಪ್ರಶ್ನೆಯನ್ನು ದಾಟಿ ಯಾವುದು ನಿಜ ಎಂಬ ಪ್ರಶ್ನೆಯನ್ನು ಎಬ್ಬಿಸುತ್ತದೆ, ಅದನ್ನು ಮೂರು ಸಾಲಿನ ಕ್ಷಮಾಪಣೆ ಪರಿಹರಿಸಲಾರದು. ಆನ್‌ಲೈನ್ ಅರ್ಜಿ ವ್ಯವಸ್ಥೆಯಲ್ಲಿಯೂ, ಸಲ್ಲಿಸಿದ ಕಡತವನ್ನು ಬದಲಿಸಲು ಅವಕಾಶವಿಲ್ಲದ ಕಡೆ ರಿಕ್ರೂಟರ್‌ಗೆ, ಅಂದರೆ ಅರ್ಜಿಗಳನ್ನು ಸೋಸುವ ಅಧಿಕಾರಿಗೆ, ಬರೆಯುವ ಒಂದು ಇಮೇಲ್ ಮಾತ್ರ ಉಳಿಯುತ್ತದೆ.

ಒಟ್ಟಿನಲ್ಲಿ, ಅರ್ಜಿಯ ತೀರ್ಮಾನವನ್ನೇ ಬದಲಿಸಬಲ್ಲ ತಪ್ಪಿಗೆ ಒಂದೇ ಒಂದು ಸಲ, ಆದಷ್ಟು ಅದೇ ದಿನ, ಅದೇ ಸರಣಿಯಲ್ಲಿ ಮತ್ತೆ ಕಳಿಸುವುದು ಸಮರ್ಥನೀಯ. ಎರಡನೆಯ ತಿದ್ದುಪಡಿ ಬೇಕಾಯಿತೆಂದರೆ ಓದುವವರು ಅಳೆಯುವುದು ಲಗತ್ತನ್ನಲ್ಲ, ಅದನ್ನು ತೆರೆದು ನೋಡದೆ ಕಳಿಸುವ ಅಭ್ಯಾಸವನ್ನು. ಆದ್ದರಿಂದ ಸರಿಪಡಿಸಿದ ಕಡತವನ್ನು ಕಳಿಸುವ ಮುನ್ನ ಇಮೇಲ್‌ಗೆ ಲಗತ್ತಿಸಿದ ಪ್ರತಿಯನ್ನೇ ತೆರೆದು ಸಂಸ್ಥೆಯ ಹೆಸರನ್ನು ಓದಿ ನೋಡುವುದು ಕ್ಷಮಾಪಣೆಯ ಮಾತಿಗಿಂತ ಮೊದಲು ಆಗಬೇಕಾದ ಕೆಲಸ.